ವರ್ಷಕ್ಕೊಂದು ದೊಡ್ಡ ಶಿಬಿರ ಬೇಡ, ಸರದಿಯ ಶಿಬಿರ ನಡೆಸೋಣ

ಹರಿಹರ
12-1-2026

ಅಧ್ಯಕ್ಷರು ಮತ್ತು ಸದಸ್ಯರು,
ನಮ್ಮ ಬಡಾವಣೆಯ ಯುವಕ ಸಂಘ, ಹರಿಹರ

ನಮಸ್ಕಾರ.

ನನ್ನ ಮಗ ಚಿನ್ಮಯನಿಗೆ ಥಲಸ್ಸೇಮಿಯಾ ಮೇಜರ್. ಅವನ ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗುವುದಿಲ್ಲ, ಹೀಗಾಗಿ ಮೂರು ವಾರಕ್ಕೊಮ್ಮೆ ಕೆಂಪು ರಕ್ತಕಣ ಏರಿಸಬೇಕು. ಈಗ 24 ಕೆ.ಜಿ. ಇದ್ದಾನೆ, ಸಲಕ್ಕೆ ಒಂದು ಚೀಲ ಸಾಕು. ಅಂದರೆ ವರ್ಷಕ್ಕೆ 17. ಬೆಳೆದಂತೆ ಸಲಕ್ಕೆ ಎರಡು ಬೇಕಾಗುತ್ತವೆ. ತಡವಾದರೆ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿದು ಮಗು ಸುಸ್ತಾಗುತ್ತದೆ. ಇದು ಪದೇ ಪದೇ ಆದರೆ ಬೆಳವಣಿಗೆ ಕುಂಠಿತವಾಗುತ್ತದೆ, ಗುಲ್ಮ ದೊಡ್ಡದಾಗುತ್ತದೆ.

ನಿಮ್ಮ ಸಂಘ ಆಗಸ್ಟ್ 15ಕ್ಕೆ ರಕ್ತದಾನ ಶಿಬಿರ ಮಾಡುತ್ತದೆ, ಅದಕ್ಕೆ ಕೃತಜ್ಞಳು. ಆದರೆ ಕೆಂಪುಕಣದ ಚೀಲ ಹೆಚ್ಚೆಂದರೆ 42 ದಿನ ಉಳಿಯುತ್ತದೆ. ನಮ್ಮ ಮಕ್ಕಳಿಗಂತೂ ಎರಡು ವಾರದೊಳಗಿನದ್ದೇ ಒಳ್ಳೆಯದು, ಹೊಸ ಕಣಗಳು ಮೈಯಲ್ಲಿ ಹೆಚ್ಚು ದಿನ ಬದುಕುತ್ತವೆ. ಆಗಸ್ಟ್‌ನಲ್ಲಿ ಕೊಟ್ಟ ರಕ್ತ ಏಪ್ರಿಲ್‌ಗೆ ಬರುವುದಿಲ್ಲ. ಬೇಸಿಗೆಯಲ್ಲಿ, ಪರೀಕ್ಷೆ ಮತ್ತು ರಜೆಯ ಕಾಲದಲ್ಲಿ ದಾನಿಗಳು ಕಡಿಮೆಯಾಗುತ್ತಾರೆ. ನಮಗೆ ಕಷ್ಟವಾಗುವುದು ಆಗಲೇ.

ಆದ್ದರಿಂದ ಒಂದು ಏರ್ಪಾಟು ಸೂಚಿಸುತ್ತೇನೆ. ದಾನಿಗಳನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪಿಗೆ 13 ವಾರಕ್ಕೊಂದು ಸರದಿ ಕೊಡಿ. ಗಂಡಸರಿಗೆ ಎರಡು ದಾನದ ನಡುವೆ 90 ದಿನ ಬೇಕು. "ಮೂರು ತಿಂಗಳಿಗೊಮ್ಮೆ ಎರಡನೇ ಭಾನುವಾರ" ಎಂದು ಗೊತ್ತುಮಾಡಿದರೆ ಕೆಲವೊಮ್ಮೆ 84 ದಿನಕ್ಕೇ ಬಂದುಬಿಡುತ್ತದೆ, ಬಂದವರನ್ನು ವಾಪಸ್ ಕಳಿಸಬೇಕಾಗುತ್ತದೆ. ವಾರ ಎಣಿಸಿದರೆ 91 ದಿನ, ಆ ಗೊಂದಲವೇ ಇಲ್ಲ. ಹೆಣ್ಣುಮಕ್ಕಳಿಗೆ 120 ದಿನ ಬೇಕು, ಅವರು ಒಂದು ಸರದಿ ಬಿಟ್ಟು ಬರಲಿ.

ಮೊದಲ ಗುಂಪಿಗೆ ಫೆಬ್ರವರಿ 8, ಎರಡನೆಯದಕ್ಕೆ ಮಾರ್ಚ್ 8, ಮೂರನೆಯದಕ್ಕೆ ಏಪ್ರಿಲ್ 5. ಮೇ 10ಕ್ಕೆ ಮತ್ತೆ ಮೊದಲ ಗುಂಪು. ಎಲ್ಲವೂ ಭಾನುವಾರ. ಮಾರ್ಚ್ 8 ರಂಜಾನ್ ತಿಂಗಳಲ್ಲಿ ಬರುತ್ತದೆ. ಉಪವಾಸವಿದ್ದು ರಕ್ತ ಕೊಡಬಾರದು, ಹಾಗಾಗಿ ರೋಜಾ ಇರುವ ಸದಸ್ಯರನ್ನು ಬೇರೆ ಗುಂಪಿಗೆ ಹಾಕಿ. ಪರೀಕ್ಷೆ ಬರೆಯುವವರನ್ನು ಏಪ್ರಿಲ್‌ಗೆ ಇಟ್ಟುಕೊಳ್ಳಿ.

ಒಂದು ಶಿಬಿರಕ್ಕೆ 30 ಚೀಲ ಸಿಕ್ಕರೆ ಸಾಕು, ಆದರೆ 40 ಹೆಸರು ಬರೆದುಕೊಳ್ಳಿ. ಹಿಮೋಗ್ಲೋಬಿನ್ 12.5 ಇಲ್ಲದವರು, 45 ಕೆ.ಜಿ.ಗಿಂತ ಕಡಿಮೆ ತೂಕದವರು, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರು, ಆಂಟಿಬಯೋಟಿಕ್ ನುಂಗುತ್ತಿರುವವರು ತಪಾಸಣೆಯಲ್ಲೇ ನಿಲ್ಲುತ್ತಾರೆ. 18 ತುಂಬಿರಬೇಕು. ಇದನ್ನು ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಹಾಕಿದರೆ ಯಾರಿಗೂ ಮುಜುಗರವಾಗುವುದಿಲ್ಲ.

ರಕ್ತ ತೆಗೆಯುವವರು ಪರವಾನಗಿ ಇರುವ ರಕ್ತ ಕೇಂದ್ರದ ತಂಡದವರೇ ಆಗಿರಬೇಕು. ಮೂರು ವಾರ ಮುಂಚೆ ದಾವಣಗೆರೆಗೆ ಅರ್ಜಿ ಕೊಟ್ಟು, ಮೂವತ್ತು ಜನಕ್ಕಾದರೂ ತಂಡ ಬರುತ್ತದೆಯೇ ಎಂದು ಕೇಳಿ. ಬರದಿದ್ದರೆ ನಾವೇ ಅಲ್ಲಿಗೆ ಹೋಗೋಣ, ಏನು ಮಹಾ ದೂರ! ಥಲಸ್ಸೇಮಿಯಾ ಮಕ್ಕಳಿಗೆ ಬದಲಿ ದಾನಿ ಕೇಳದೆ ಉಚಿತವಾಗಿ ಚೀಲ ಕೊಡುತ್ತೇವೆ ಎಂದು ಅವರಿಂದ ಬರೆಸಿಕೊಳ್ಳಿ. ಈ ಮಾತನ್ನು ಶಿಬಿರ ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ನೀವು ಕೊಡಬೇಕಾದದ್ದು ಗಾಳಿ, ಬೆಳಕು, ಫ್ಯಾನ್, ನೀರು, ಶೌಚಾಲಯ ಇರುವ ಹಾಲ್, ಅದರಲ್ಲೊಂದು ಮರೆಯ ಜಾಗ. ಯಾವ ಕಾಯಿಲೆ, ಯಾವ ಮಾತ್ರೆ ಎಂಬ ಪ್ರಶ್ನೆಗಳನ್ನು ಗೆಳೆಯರ ಮುಂದೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಹೆಲ್ಮೆಟ್ಟು, ಕುಕ್ಕರು ಉಡುಗೊರೆ ಎಂದು ಘೋಷಿಸಲೇಬೇಡಿ, ಆ ಆಸೆಗೆ ಕಾಯಿಲೆ ಮುಚ್ಚಿಡುವವರು ಬರುತ್ತಾರೆ. ಎಚ್‌ಐವಿ, ಕಾಮಾಲೆಯ ವೈರಸ್‌ಗಳಿಗೆ ಪರೀಕ್ಷೆ ಇದೆ ನಿಜ, ಆದರೆ ತೀರಾ ಹೊಸ ಸೋಂಕು ಅದರಲ್ಲಿ ತಪ್ಪಿಹೋಗಬಹುದು. ವರ್ಷವಿಡೀ ರಕ್ತ ಪಡೆಯುವ ಮಗುವಿಗೆ ಆ ಅಪಾಯ ಪ್ರತಿ ಸಲವೂ ಎದುರಾಗುತ್ತದೆ. ಮತ್ತೆ ಮತ್ತೆ ಕೊಟ್ಟು, ಪ್ರತಿ ಸಲ ಪರೀಕ್ಷೆಗೊಳಪಟ್ಟ ದಾನಿಗಳ ರಕ್ತ ಹೆಚ್ಚು ಸುರಕ್ಷಿತ. ನಾನು ಸರದಿ ಕೇಳುವುದಕ್ಕೆ ಇದೂ ಒಂದು ಕಾರಣ.

ಬರುವ ಮುಂಚೆ ಊಟವೋ ತಿಂಡಿಯೋ ಆಗಿರಲಿ, ಎರಡು ಲೋಟ ನೀರು ಕುಡಿದಿರಲಿ, ಹಿಂದಿನ ರಾತ್ರಿ ಮದ್ಯ ಬೇಡ. ಕೊಟ್ಟ ತಕ್ಷಣ ಎದ್ದು ಬೈಕ್ ಹತ್ತಿದವರೇ ತಲೆಸುತ್ತಿ ಬೀಳುವುದು. ಜ್ಯೂಸು, ಬಿಸ್ಕತ್ತು ಕೊಟ್ಟು 15-20 ನಿಮಿಷ ಕೂರಿಸಿ. ತಲೆಸುತ್ತಿದರೆ ಮಲಗಿಸಿ ಕಾಲು ಮೇಲೆತ್ತಿ, ವೈದ್ಯರನ್ನು ಕರೆಯಿರಿ. ಆ ದಿನ ಭಾರ ಎತ್ತುವ ಕೆಲಸ ಬೇಡ.

ಚಿನ್ಮಯನದು ಬಿ ಪಾಸಿಟಿವ್. ಆದರೆ ಅದೇ ಗುಂಪಿನವರನ್ನು ಹುಡುಕಬೇಡಿ. ಎಲ್ಲ ಗುಂಪಿನವರೂ ಕೊಡಲಿ, ಕೇಂದ್ರದಲ್ಲಿ ದಾಸ್ತಾನು ಇದ್ದರೆ ಅವನಿಗೂ ಸಿಗುತ್ತದೆ, ಅವನಂಥ ಬೇರೆ ಮಕ್ಕಳಿಗೂ ಸಿಗುತ್ತದೆ.

ಜನವರಿ 18ರ ಭಾನುವಾರ ಸಂಜೆ ಐದಕ್ಕೆ ನಮ್ಮ ಮನೆಗೆ ನಾಲ್ಕೈದು ಜನ ಬನ್ನಿ. ಹೆಸರು, ರಕ್ತದ ಗುಂಪು, ಕೊನೆಯ ದಾನದ ದಿನಾಂಕ ಬರೆಯುವ ಪುಸ್ತಕಕ್ಕೆ ಗೆರೆ ಹಾಕಿಟ್ಟಿರುತ್ತೇನೆ. ಫೆಬ್ರವರಿ 8ಕ್ಕೆ ಮೂರು ವಾರವಷ್ಟೇ ಇರುವುದರಿಂದ ರಕ್ತ ಕೇಂದ್ರದ ಅರ್ಜಿಯನ್ನು ಅಂದೇ ಬರೆದು ಮುಗಿಸಬೇಕು. ಸಂಘದ ಲೆಟರ್‌ಹೆಡ್ಡು, ಸೀಲು ತನ್ನಿ.

ಇಂತಿ,
ಸುಮಂಗಲಾ
(ಚಿನ್ಮಯನ ತಾಯಿ)