ಜರ್ನಲ್ ಕ್ಲಬ್: ಫಾಸ್ಫರಸ್ ಬದಲು ಆರ್ಸೆನಿಕ್ ತಿಂದ ಬ್ಯಾಕ್ಟೀರಿಯಾ

ಎಲ್ಲರಿಗೂ ನಮಸ್ಕಾರ. ಮೇಡಂ, ಸರ್, ಸೀನಿಯರ್ಸ್, ಮತ್ತು ಮೊದಲ ಸಲ ಜರ್ನಲ್ ಕ್ಲಬ್ಬಿಗೆ ಬಂದಿರುವ ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನವರಿಗೆ ಸ್ವಾಗತ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ, ಇವತ್ತು ಒಂದು ಟೇಬಲ್‌ನ ಸಣ್ಣ ಅಂಕಿಗಳನ್ನು ಓದಬೇಕಾಗುತ್ತದೆ.

ಪೇಪರನ್ನು ಗ್ರೂಪಿಗೆ ಹಾಕಿದ ತಕ್ಷಣ ಬಂದ ಮೊದಲ ಮೆಸೇಜ್, "ಇದು ರಿಟ್ರ್ಯಾಕ್ಟ್ ಆಗಿದೆಯಲ್ಲ, ಮತ್ತೆ ಯಾಕೆ ಓದಬೇಕು?" ಎಂದು. ನ್ಯಾಯವಾದ ಪ್ರಶ್ನೆ. ಹೌದು, ಆಗಿದೆ. 2010ರ ಡಿಸೆಂಬರ್ 2ರಂದು 'ಸೈನ್ಸ್' ಪತ್ರಿಕೆ ಆನ್‌ಲೈನ್‌ನಲ್ಲಿ ಪ್ರಕಟಿಸಿದ ಪೇಪರನ್ನು ಅದೇ ಪತ್ರಿಕೆ 2025ರ ಜುಲೈನಲ್ಲಿ, ಅಂದರೆ ಹದಿನಾಲ್ಕೂವರೆ ವರ್ಷ ಕಳೆದ ಮೇಲೆ, ಹಿಂದಕ್ಕೆ ಪಡೆಯಿತು. ಆದರೆ ಯಾರೂ ಡೇಟಾ ತಿದ್ದಿರಲಿಲ್ಲ, ಯಾವ ಮೋಸವೂ ನಡೆದಿಲ್ಲ ಎಂದು ಪತ್ರಿಕೆಯೇ ಹೇಳಿದೆ. ಲೇಖಕರು ಈ ನಿರ್ಧಾರವನ್ನು ಒಪ್ಪಿಲ್ಲ. ನಾನು ಈ ಪೇಪರನ್ನು ಆರಿಸಿಕೊಂಡಿದ್ದೇ ಇದಕ್ಕಾಗಿ.

ಓದದೆ ಬಂದವರಿಗೆ, ಯಾರೆಂದು ಕೇಳುವುದಿಲ್ಲ, ಕಥೆ ಇಷ್ಟು. ಕ್ಯಾಲಿಫೋರ್ನಿಯಾದ ಮೋನೋ ಸರೋವರ ಉಪ್ಪಿನದು, ಕ್ಷಾರೀಯ, ಆರ್ಸೆನಿಕ್ ತುಂಬಿರುವಂಥದ್ದು. ಅದರ ಕೆಸರಿನಿಂದ ಫೆಲಿಸಾ ವುಲ್ಫ್-ಸೈಮನ್ ಮತ್ತು ಸಂಗಡಿಗರು ಹ್ಯಾಲೊಮೊನಾಡೇಸೀ ಕುಟುಂಬದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದಕ್ಕಿಟ್ಟ ಹೆಸರು GFAJ-1. "ಫೆಲಿಸಾಗೆ ಒಂದು ಕೆಲಸ ಕೊಡಿ" ಎಂಬ ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರಗಳಂತೆ ಅವು. ಪೋಸ್ಟ್‌ಡಾಕ್ ಹುಡುಕುತ್ತಿರುವವರು ನಗಬೇಡಿ. ಮೀಡಿಯಂಗೆ ಫಾಸ್ಫೇಟ್ ಹಾಕದೆ 40 ಮಿಲಿಮೋಲಾರ್ ಆರ್ಸೆನೇಟ್ ಹಾಕಿದರೂ ಅದು ಬೆಳೆಯಿತು, ಅಷ್ಟೇ ಅಲ್ಲ, ಡಿಎನ್‌ಎ ಬೆನ್ನೆಲುಬಿನಲ್ಲೇ ಫಾಸ್ಫರಸ್ ಇರಬೇಕಾದ ಕಡೆ ಆರ್ಸೆನಿಕ್ ಕೂತಿದೆ ಎಂಬುದು ಅವರ ಪ್ರತಿಪಾದನೆ. ಅನ್ಯಗ್ರಹ ಜೀವಿಗಳ ಹುಡುಕಾಟಕ್ಕೆ ಸಂಬಂಧಪಟ್ಟ ಸಂಶೋಧನೆ ಎಂದು ನಾಸಾ ಕೆಲವು ದಿನ ಮೊದಲೇ ಪತ್ರಿಕಾಗೋಷ್ಠಿ ಸಾರಿಬಿಟ್ಟಿತ್ತು. ಮುಂದಿನದನ್ನು ನೀವೇ ಊಹಿಸಬಹುದು.

ನಮ್ಮ ವಿಭಾಗಕ್ಕೆ ಇದು ದೂರದ ವಿಷಯವಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಚಿನ್ನದ ಅದಿರು ಇರುವ ಕಡೆ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇದೆ. ನಾನು ಥೀಸಿಸ್‌ಗಾಗಿ ಬೆಳೆಸುತ್ತಿರುವ ಐಸೊಲೇಟ್‌ಗಳು ಹಟ್ಟಿ ಕಡೆಯ ಮಣ್ಣಿನವು. ಆರ್ಸೆನೇಟ್ ಪ್ಲೇಟಿನ ಮೇಲೆ ಕಾಲೊನಿ ಮೂಡಿದರೆ ಅದನ್ನು ಏನೆಂದು ಅರ್ಥ ಮಾಡಿಕೊಳ್ಳಬೇಕು ಎಂಬುದು ನನಗೆ ದಿನವೂ ಎದುರಾಗುವ ಪ್ರಶ್ನೆ. ವಿಷವನ್ನು ತಡೆದುಕೊಳ್ಳುವುದು ಬೇರೆ, ಅದನ್ನು ಮೈಗೂಡಿಸಿಕೊಳ್ಳುವುದು ಬೇರೆ.

ಈಗ ಟೇಬಲ್ 1ಕ್ಕೆ ಬರೋಣ. ಸ್ಲೈಡ್ ಆಮೇಲೆ, ಮೊದಲು ಕೇಳಿಸಿಕೊಳ್ಳಿ. ಆರ್ಸೆನೇಟ್‌ನಲ್ಲಿ ಬೆಳೆದ ಜೀವಕೋಶಗಳ ಒಣತೂಕದಲ್ಲಿ ಆರ್ಸೆನಿಕ್ ಶೇ. 0.19. ಅದರ ಪಕ್ಕದ ಪ್ಲಸ್-ಮೈನಸ್ ಎಷ್ಟು? 0.25. ಸರಾಸರಿಗಿಂತ ಏರುಪೇರೇ ದೊಡ್ಡದು. ಡಿಎನ್‌ಎ, ಪ್ರೋಟೀನು, ಕೊಬ್ಬು ಎಲ್ಲದರಲ್ಲೂ ಸೇರಿಕೊಂಡಿದೆ ಎನ್ನಲಾದ ಮೂಲವಸ್ತು ಒಂದು ಕಲ್ಚರ್‌ನಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಂತಾಗುವುದು ಹೇಗೆ? ಅದೇ ಜೀವಕೋಶಗಳಲ್ಲಿ ಫಾಸ್ಫರಸ್ ಶೇ. 0.019, ಅಲ್ಲಿ ಏರುಪೇರು ತೀರಾ ಕಡಿಮೆ. ಫಾಸ್ಫೇಟ್ "ಇಲ್ಲದ" ಮೀಡಿಯಂನಲ್ಲಿ ಬೆಳೆದರೂ ಪ್ರತಿ ಸಲ ಸ್ಥಿರವಾಗಿ ಸಿಗುತ್ತಿರುವುದು ಫಾಸ್ಫರಸ್ಸೇ.

ಅದು ಬಂದದ್ದೆಲ್ಲಿಂದ ಎಂಬುದನ್ನೂ ಲೇಖಕರೇ ಬರೆದಿದ್ದಾರೆ: ಲವಣಗಳ ಕಶ್ಮಲದಿಂದ ಮೀಡಿಯಂನಲ್ಲಿ ಸುಮಾರು 3 ಮೈಕ್ರೋಮೋಲಾರ್ ಫಾಸ್ಫೇಟ್ ಇತ್ತು. ಇದು ಕಡಿಮೆಯೇ? ಸರ್ಗಾಸೊ ಸಮುದ್ರದ ಮೇಲ್ನೀರಿನಲ್ಲಿ ಇದರ ನೂರನೇ ಒಂದು ಭಾಗವೂ ಇರುವುದಿಲ್ಲ, ಅಲ್ಲಿ ಬ್ಯಾಕ್ಟೀರಿಯಾಗಳು ಆರಾಮಾಗಿ ಬದುಕುತ್ತವೆ.

ಲೇಖಕರ ಪಕ್ಷದಲ್ಲೂ ಒಂದು ಬಲವಾದ ಮಾತಿದೆ, ಅದನ್ನು ಮುಚ್ಚಿಡಬಾರದು. ಆರ್ಸೆನೇಟೂ ಇಲ್ಲದ, ಫಾಸ್ಫೇಟೂ ಹಾಕದ ಕಂಟ್ರೋಲ್‌ನಲ್ಲಿ ಬೆಳವಣಿಗೆ ಆಗಲಿಲ್ಲ. ಕಶ್ಮಲದ ಫಾಸ್ಫೇಟ್ ಸಾಕಾಗಿದ್ದರೆ ಅಲ್ಲೂ ಬೆಳೆಯಬೇಕಿತ್ತಲ್ಲ? ಇದಕ್ಕೆ ಉತ್ತರ ಪೇಪರ್ ಒಳಗೆ ಸಿಗುವುದಿಲ್ಲ. ಆರ್ಸೆನೇಟ್ ಬಿದ್ದಾಗ ಇ. ಕೋಲೈ ತನ್ನ ರೈಬೊಸೋಮ್‌ಗಳನ್ನೇ ಒಡೆದು ಅದರ ಫಾಸ್ಫೇಟನ್ನು ಮತ್ತೆ ಬಳಸಿಕೊಳ್ಳುತ್ತದೆ ಎಂದು 2012ರಲ್ಲಿ ಬೇರೊಂದು ತಂಡ ತೋರಿಸಿತು. ಈ ಕಂಟ್ರೋಲ್ ಬಗ್ಗೆ ನಿಮ್ಮ ಅಭಿಪ್ರಾಯ ಕೇಳುವ ಆಸೆ ನನಗೆ ಬಹಳ ಇದೆ, ವಿಶೇಷವಾಗಿ ಫಿಸಿಯಾಲಜಿ ಲ್ಯಾಬಿನವರದು.

ಇನ್ನೊಂದು ವಿಷಯ ಜೆಲ್ ಚಿತ್ರ. ಆರ್ಸೆನೇಟ್ ಎಸ್ಟರ್ ನೀರಿನಲ್ಲಿ ನಿಲ್ಲುವುದಿಲ್ಲ, ಕ್ಷಣದೊಳಗೆ ಒಡೆಯುತ್ತದೆ. ಬೆನ್ನೆಲುಬಿನಲ್ಲಿ ಅಲ್ಲಲ್ಲಿ ಆರ್ಸೆನಿಕ್ ಇದ್ದಿದ್ದರೆ ಡಿಎನ್‌ಎ ತೆಗೆಯುವ ಹೊತ್ತಿಗೇ ಅದು ಚೂರುಚೂರಾಗಬೇಕಿತ್ತು. ಚಿತ್ರದಲ್ಲಿ ಉದ್ದನೆಯ, ಗಟ್ಟಿ ಬ್ಯಾಂಡ್ ಇದೆ. ಆ ಜೆಲ್ ತುಂಡನ್ನು ಮತ್ತೆ ಶುದ್ಧಗೊಳಿಸದೆ ಹಾಗೇ ಅಳತೆಗೆ ಕೊಟ್ಟಿದ್ದಾರೆ. ನಮ್ಮ ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಹೀಗೆ ಮಾಡಿದ್ದರೆ ರೆಕಾರ್ಡ್ ವಾಪಸ್ ಬರುತ್ತಿತ್ತು.

ಈ ಆಕ್ಷೇಪಗಳಲ್ಲಿ ಬಹುಪಾಲನ್ನು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ರೋಸಿ ರೆಡ್‌ಫೀಲ್ಡ್ ಎರಡೇ ದಿನದಲ್ಲಿ ತಮ್ಮ ಬ್ಲಾಗಿನಲ್ಲಿ ಬರೆದರು. ಚರ್ಚೆ ಪೀರ್ ರಿವ್ಯೂ ಆದ ಪತ್ರಿಕೆಗಳಲ್ಲಿ ನಡೆಯಲಿ ಎಂಬ ಉತ್ತರ ಬಂತು. 2011ರ ಜೂನ್‌ನಲ್ಲಿ ಪೇಪರ್ ಅಚ್ಚಾದಾಗ ಜೊತೆಗೆ ಎಂಟು ಟೆಕ್ನಿಕಲ್ ಕಾಮೆಂಟ್‌ಗಳೂ ಅಚ್ಚಾದವು. 2012ರ ಜುಲೈನಲ್ಲಿ ರೆಡ್‌ಫೀಲ್ಡ್ ಇದ್ದ ತಂಡವೂ ಜ್ಯೂರಿಕ್‌ನ ತಂಡವೂ ಅದೇ ಪತ್ರಿಕೆಯಲ್ಲಿ ಬರೆದವು: ಡಿಎನ್‌ಎಯನ್ನು ಸರಿಯಾಗಿ ತೊಳೆದರೆ ಅದರಲ್ಲಿ ಆರ್ಸೆನೇಟ್ ಕಾಣುವುದಿಲ್ಲ, GFAJ-1 ಆರ್ಸೆನೇಟ್ ತಡೆದುಕೊಳ್ಳುತ್ತದೆ, ಆದರೆ ಫಾಸ್ಫೇಟ್ ಇಲ್ಲದೆ ಬೆಳೆಯುವುದಿಲ್ಲ. ಹೀಗೆ ಪರೀಕ್ಷಿಸಲು ಬ್ಯಾಕ್ಟೀರಿಯಾ ಎಲ್ಲರಿಗೂ ಸಿಗುವಂತೆ ಮಾಡಿದವರು ಮೂಲ ಲೇಖಕರೇ. ಈ ಮಾತನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಸುಲಭವಾಗುತ್ತದೆ. ಪೇಪರಿನ ತೀರ್ಮಾನ ತಪ್ಪು, ಆ ತಪ್ಪು ಅದರ ಸ್ವಂತ ಅಂಕಿಗಳಲ್ಲೇ ಇದೆ. ಆದರೂ ಅದನ್ನು ರಿಟ್ರ್ಯಾಕ್ಟ್ ಮಾಡಬಾರದಿತ್ತು. ಪ್ರಯೋಗಗಳು ಮುಖ್ಯ ತೀರ್ಮಾನವನ್ನು ಬೆಂಬಲಿಸದಿದ್ದರೆ, ಮೋಸ ಇಲ್ಲದಿದ್ದರೂ ಹಿಂದಕ್ಕೆ ಪಡೆಯಬಹುದು ಎಂಬುದು 'ಸೈನ್ಸ್' ಸಂಪಾದಕರ ಈಗಿನ ನಿಯಮ. ಈ ಅಳತೆಗೋಲು ಹಿಡಿದು ಹೊರಟರೆ ನಮ್ಮ ಲೈಬ್ರರಿಯ ಕಪಾಟುಗಳಲ್ಲಿ ಎಷ್ಟು ಸಂಪುಟ ಉಳಿದೀತು? ಉತ್ತರ ಕೊಡುವ ಪೇಪರ್‌ಗಳು ಅದೇ ಪತ್ರಿಕೆಯಲ್ಲಿ ಇದ್ದವು, ಓದುವವರು ಎರಡನ್ನೂ ಓದಬಹುದಿತ್ತು. ನನ್ನ ಗೈಡ್ ಇದನ್ನು ಸುತರಾಂ ಒಪ್ಪುವುದಿಲ್ಲ. ಈ ಪೇಪರನ್ನು ಇಂದಿಗೂ ಆಧಾರವಾಗಿ ಬಳಸುವವರಿದ್ದಾರೆ, ಅವರ ಕಣ್ಣಿಗೆ ಬೀಳುವಂತೆ ಗುರುತು ಹಾಕಲೇಬೇಕು ಎನ್ನುತ್ತಾರೆ. ಅವರು ಇಲ್ಲೇ ಇದ್ದಾರೆ, ಅವರ ಪಾಳಿ ಬಂದಾಗ ಹೇಳುತ್ತಾರೆ.

ಕ್ರಮ ಹೀಗಿರುತ್ತದೆ. ಇಪ್ಪತ್ತೈದು ನಿಮಿಷ ನಾನು ಫಿಗರ್‌ಗಳನ್ನು ತೋರಿಸುತ್ತೇನೆ, ಅರ್ಥವಾಗದಿದ್ದರೆ ನಡುವೆಯೇ ತಡೆಯಿರಿ. ಪ್ರಶ್ನೆಗಳನ್ನು ಎಂ.ಎಸ್ಸಿ.ಯವರು ಮೊದಲು ಕೇಳುತ್ತಾರೆ, ಅಧ್ಯಾಪಕರು ಕೊನೆಗೆ. ಇದಕ್ಕೆ ಮೇಡಂ ಒಪ್ಪಿದ್ದಾರೆ. ಮೊದಲ ಲೇಖಕಿಯ ಬಗ್ಗೆ ಆ ದಿನಗಳಲ್ಲಿ ವೈಯಕ್ತಿಕವಾಗಿ ಬಹಳ ಕೆಟ್ಟದಾಗಿ ಮಾತಾಡಿದವರಿದ್ದಾರೆ, ಇಲ್ಲಿ ಅದು ಬೇಡ. ಚರ್ಚೆ ಟೇಬಲ್ ಮತ್ತು ಜೆಲ್ ಬಗ್ಗೆ ಇರಲಿ. ಟೀ ಆಮೇಲೆ, ಮಧ್ಯದಲ್ಲಿ ಬಿಟ್ಟರೆ ಯಾರೂ ವಾಪಸ್ ಬರುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಸಲ ಕೈ ಎತ್ತಿ. ಇದನ್ನು ರಿಟ್ರ್ಯಾಕ್ಟ್ ಮಾಡಿದ್ದು ಸರಿ ಎನ್ನುವವರು? ಹೂಂ, ಅರ್ಧಕ್ಕಿಂತ ಹೆಚ್ಚೇ ಇದ್ದೀರಿ. ಎಣಿಸಿ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ, ಕೊನೆಗೆ ಇನ್ನೊಮ್ಮೆ ಎತ್ತಿಸುತ್ತೇನೆ. ಲೈಟ್ ಆಫ್ ಮಾಡಿ ಪ್ಲೀಸ್, ಫಿಗರ್ 1.