ಪಾಚಿ ಬಂಡೆಯ ಮೇಲೆ ಸ್ಟೀಲ್ ಬಾಟಲಿ: 10 ಸೆಕೆಂಡಿನ ಜಾಹೀರಾತಿಗೆ ವಿಡಿಯೊ ಪ್ರಾಂಪ್ಟ್

10 ಸೆಕೆಂಡಿನ ಒಂದು ಜಾಹೀರಾತು ವಿಡಿಯೊ ಮಾಡಿ. ನಿಜವಾದ ಕ್ಯಾಮೆರಾದಲ್ಲಿ ತೆಗೆದ ಹಾಗೆ ಕಾಣಬೇಕು. ಉದ್ದ ಚೌಕಟ್ಟು, 9:16, 1080×1920, ಸೆಕೆಂಡಿಗೆ 24 ಫ್ರೇಮ್. ಶುರುವಿನಿಂದ ಕೊನೆವರೆಗೆ ಒಂದೇ ಶಾಟ್, ನಡುವೆ ಎಲ್ಲೂ ಕಟ್ ಬೇಡ.

ವಿಷಯ ಇಷ್ಟೇ: ಬೆಳಗಿನ ಚಳಿಯಲ್ಲಿ ಸುತ್ತ ಎಲ್ಲವೂ ಇಬ್ಬನಿಯಲ್ಲಿ ತೊಯ್ದು ತಣ್ಣಗಿದೆ. ಬಾಟಲಿಯ ಒಳಗಿನ ನೀರು ಮಾತ್ರ ಇನ್ನೂ ಬಿಸಿಯಾಗಿದೆ. ನೋಡುವವರಿಗೆ ಇದು ಮಾತಿಲ್ಲದೆಯೇ ಹಬೆಯಿಂದ ಗೊತ್ತಾಗಬೇಕು. ಉಳಿದದ್ದೆಲ್ಲ ಆ ಹಬೆಗಾಗಿ ಇರುವುದು.

ಬಾಟಲಿ: ಎರಡು ಪದರದ, ನಡುವೆ ಗಾಳಿ ತೆಗೆದ ಸ್ಟೀಲ್ ಬಾಟಲಿ. 750 ಮಿಲಿ ಲೀಟರಿನದು. ಎತ್ತರ 26 ಸೆಂಟಿಮೀಟರ್, ಅಗಲ 7.5 ಸೆಂಟಿಮೀಟರ್. ನೇರ ಮೈ, ಮೇಲೆ ಸ್ವಲ್ಪ ಇಳಿಜಾರಾದ ಹೆಗಲು, ಆಮೇಲೆ ಕಿರಿದಾದ ಕುತ್ತಿಗೆ. ಕುತ್ತಿಗೆಯ ಹೊರಗೆ ತಿರುಪಿನ ಗೆರೆಗಳು ಸ್ಪಷ್ಟವಾಗಿ ಕಾಣಲಿ. ಬಣ್ಣ ಬಳಿದಿಲ್ಲ, ಬರಿ ಸ್ಟೀಲ್. ಮೈ ಕನ್ನಡಿಯ ಹಾಗೆ ಹೊಳೆಯಬಾರದು. ಬ್ರಷ್ ಮಾಡಿದ ಮಂಕು ಹೊಳಪು ಇರಲಿ, ಹತ್ತಿರ ಹೋದಾಗ ಸುತ್ತಲೂ ಅಡ್ಡಕ್ಕೆ ಎಳೆದ ಸಣ್ಣ ಗೀರುಗಳು ಕಾಣಲಿ. ಇಂಥ ಮೈ ಮೇಲೆ ಬೆಳಕು ಚುಕ್ಕಿಯಾಗಿ ನಿಲ್ಲುವುದಿಲ್ಲ, ಮೇಲಿಂದ ಕೆಳಗೆ ಉದ್ದ ಪಟ್ಟಿಯಾಗಿ ಹರಡುತ್ತದೆ. ಆ ಪಟ್ಟಿ ಸರಿಯಾಗಿ ಬಂದರೆ ಅರ್ಧ ಕೆಲಸ ಮುಗಿದಂತೆ. ಬಾಟಲಿ ದುಂಡಗಿರುವುದರಿಂದ ಸುತ್ತಲಿನ ಕಾಡಿನ ಪ್ರತಿಬಿಂಬ ಕಿರಿದಾಗಿ, ಉದ್ದುದ್ದಕ್ಕೆ, ಮಸುಕಾಗಿ ಕಾಣಬೇಕು. ತಳದ ಹತ್ತಿರ ಪಾಚಿಯ ಹಸಿರು ಸ್ಟೀಲಿನ ಮೇಲೆ ಸ್ವಲ್ಪ ಹತ್ತಿರಲಿ.

ಬಾಟಲಿಯ ಹೊರಮೈ ಒಣಗಿರಬೇಕು. ಇದನ್ನು ದಯವಿಟ್ಟು ಮರೆಯಬೇಡಿ. ನೀರಿನ ಬಾಟಲಿ ಎಂದರೆ ಮೈ ತುಂಬ ಹನಿ ಹಾಕುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಹನಿ ಕೂರುವುದು ಹೊರಮೈ ಸುತ್ತಲಿನ ಗಾಳಿಗಿಂತ ತಣ್ಣಗಿದ್ದಾಗ. ಇದು ಈಗ ತಾನೆ ಚೀಲದಿಂದ ತೆಗೆದಿಟ್ಟ ಬಾಟಲಿ, ಒಳಗೆ ಬಿಸಿ ನೀರು. ಇದರ ಮೈ ಬೆವರುವುದಿಲ್ಲ. ಪಾಚಿ ಒದ್ದೆ, ಬಂಡೆ ಒದ್ದೆ, ಬಾಟಲಿ ಒಣ. ಈ ವ್ಯತ್ಯಾಸವೇ ಚಿತ್ರಕ್ಕೆ ಬೇಕಾಗಿರುವುದು.

ಮುಚ್ಚಳ ಮೊದಲ ಫ್ರೇಮಿನಿಂದಲೇ ತೆಗೆದಿರಲಿ. ಬಾಟಲಿಯ ಎಡಕ್ಕೆ, ನಾಲ್ಕು ಬೆರಳಿನಷ್ಟು ದೂರದಲ್ಲಿ, ಪಾಚಿಯ ಮೇಲೆ ಅಂಗಾತ ಬಿದ್ದಿರಲಿ. ಒಳಗಿನ ಬಿಳಿ ಸಿಲಿಕೋನ್ ಉಂಗುರ ಕಾಣಲಿ. ಯಾರೋ ಕುಡಿಯಲೆಂದು ಈಗಷ್ಟೇ ತೆಗೆದಿಟ್ಟಿದ್ದಾರೆ ಅನ್ನಿಸಬೇಕು, ಆದರೆ ಕೈ, ಬೆರಳು, ಮನುಷ್ಯ ಯಾರೂ ಬರಬಾರದು.

ಬಂಡೆ ಮತ್ತು ಪಾಚಿ: ಮೊಣಕಾಲಿನ ಎತ್ತರದ, ಮೇಲ್ಭಾಗ ಹೆಚ್ಚುಕಡಿಮೆ ಸಮತಟ್ಟಾದ ಕಪ್ಪು ಬೂದು ಬಂಡೆ. ಪಾಚಿ ಎಲ್ಲ ಕಡೆ ಒಂದೇ ಸಮನೆ ಹರಡಿರಬಾರದು. ಹಾಗೆ ಮಾಡಿದರೆ ಅದು ಹಸಿರು ಕಾರ್ಪೆಟ್ ಆಗುತ್ತದೆ. ಬಂಡೆಯ ಬಿರುಕು, ತಗ್ಗುಗಳಲ್ಲಿ ದಪ್ಪಗೆ, ಉಬ್ಬಿನ ಮೇಲೆ ತೆಳ್ಳಗೆ, ಅಲ್ಲಲ್ಲಿ ಬರಿ ಕಲ್ಲು. ಹೊಸ ಚಿಗುರು ತಿಳಿ ಹಸಿರು, ಹಳೆಯದು ಕಂದು ಮಿಶ್ರಿತ. ಕೆಲವು ಕಡೆ ಒಂದೆರಡು ಸೆಂಟಿಮೀಟರ್ ಎತ್ತರದ ಕೆಂಪು ಕಂದು ದಂಟುಗಳು ಎದ್ದು ನಿಂತಿರಲಿ, ತುದಿಯಲ್ಲಿ ಬೀಜಕಣದ ಪುಟ್ಟ ಗೂಡು, ಅದಕ್ಕೆ ಒಂದೊಂದು ಹನಿ ನೇತಾಡುತ್ತಿರಲಿ. ಬಾಟಲಿ ನಿಂತ ಕಡೆ ಪಾಚಿ ಅದರ ಭಾರಕ್ಕೆ ಸ್ವಲ್ಪ ಅದುಮಿರಬೇಕು, ಅಂಚಿನಲ್ಲಿ ಎಳೆಗಳು ತಳದ ಮೇಲೆ ಬಾಗಿರಬೇಕು. ತಳದ ಸುತ್ತ ಗಾಢ ನೆರಳು ಇರಲಿ. ಇದಿಲ್ಲದಿದ್ದರೆ ಬಾಟಲಿ ಕತ್ತರಿಸಿ ಅಂಟಿಸಿದ ಹಾಗೆ ತೇಲುತ್ತದೆ.

ಬೆಳಕು: ಸೂರ್ಯ ಆಗಲೇ ಮೂಡಿದ್ದಾನೆ, ದಿಗಂತದಿಂದ ಐದಾರು ಡಿಗ್ರಿ ಮೇಲಿದ್ದಾನೆ. ಚೌಕಟ್ಟಿನ ಹೊರಗೆ, ಬಾಟಲಿಯ ಹಿಂದೆ ಬಲಕ್ಕೆ. ಸೂರ್ಯಬಿಂಬವನ್ನು ತೋರಿಸಬೇಡಿ. ಅದು ಕಣ್ಣೆದುರೇ ಮೇಲೇರುವುದೂ ಬೇಡ. ಇಡೀ ಬಿಂಬ ದಿಗಂತ ದಾಟಲು ಎರಡು ನಿಮಿಷಕ್ಕೂ ಜಾಸ್ತಿ ಬೇಕು, 10 ಸೆಕೆಂಡಿನಲ್ಲಿ ಅದು ಅಲುಗಿದ್ದೂ ಗೊತ್ತಾಗುವುದಿಲ್ಲ. ಬೆಳಕು ಬದಲಾಗುವುದು ಮಂಜಿನಿಂದ. ಮೊದಲು ಮಂಜು ಬಿಸಿಲನ್ನು ತಡೆದಿರುತ್ತದೆ, ಆಮೇಲೆ ಸರಿಯುತ್ತದೆ. ಬಿಸಿಲು ಬೆಚ್ಚನೆಯ ಹಳದಿ, ಸುಮಾರು 3500 ಕೆಲ್ವಿನ್. ನೆರಳಿನ ಭಾಗ ತಣ್ಣನೆಯ ನೀಲಿ. ಎಲ್ಲದಕ್ಕೂ ಕಿತ್ತಳೆ ಬಣ್ಣ ಬಳಿಯಬೇಡಿ. ಸ್ಟೀಲಿನ ಬಲ ಅಂಚು ಬೆಚ್ಚಗೆ, ಎಡಭಾಗ ನೀಲಿ ಬೂದಾಗಿ ಕಂಡರೇ ಮುಂಜಾವು ಅನ್ನಿಸುವುದು. ಹಿನ್ನೆಲೆಯಲ್ಲಿ ಮರದ ಕಪ್ಪು ಕಾಂಡಗಳು ಮಸುಕಾಗಿರಲಿ. ಬಾಟಲಿಯ ಬಾಯಿಯ ನೇರ ಹಿಂದೆ ಒಂದು ಕಪ್ಪು ಕಾಂಡ ಇರಲೇಬೇಕು. ಹಬೆ ಎದ್ದು ಕಾಣುವುದು ಕಪ್ಪಿನ ಮುಂದೆ, ಹಿಂದಿನಿಂದ ಬೆಳಕು ಬಿದ್ದಾಗ.

ಕ್ಯಾಮೆರಾ: 85 ಎಂಎಂ ಲೆನ್ಸ್, ಎಫ್/2.8. ಬಂಡೆಯ ಮೇಲ್ಮೈಗಿಂತ ಒಂದು ಗೇಣು ಮೇಲೆ ಇಟ್ಟು, ಬಾಟಲಿಯನ್ನು ನೇರವಾಗಿ ನೋಡಲಿ. 10 ಸೆಕೆಂಡಿನಲ್ಲಿ ಸುಮಾರು 20 ಸೆಂಟಿಮೀಟರ್ ಮಾತ್ರ ಮುಂದೆ ಸರಿಯಲಿ, ಒಂದೇ ವೇಗದಲ್ಲಿ. ಸುತ್ತುವುದು, ಓರೆಯಾಗುವುದು, ಕೈ ನಡುಗಿದ ಹಾಗೆ ಅಲುಗುವುದು ಬೇಡ. ಫೋಕಸ್ ಬಾಟಲಿಯ ಮೇಲೆಯೇ ಇರಲಿ. ಬಾಟಲಿ ಚೌಕಟ್ಟಿನ ಕೆಳಗಿನ ಮೂರನೇ ಎರಡು ಭಾಗದಲ್ಲಿ ನಿಲ್ಲಲಿ. ಮೇಲಿನ ಭಾಗ ಖಾಲಿ ಇರಲಿ, ಹೆಸರು ಮತ್ತು ಬೆಲೆಯನ್ನು ಎಡಿಟಿಂಗ್‌ನಲ್ಲಿ ನಾವೇ ಅಲ್ಲಿ ಹಾಕುತ್ತೇವೆ.

0ರಿಂದ 3 ಸೆಕೆಂಡ್: ಮಂಜು ಕವಿದ ನೀಲಿ ಬೆಳಕು. ಗಟ್ಟಿ ನೆರಳಿಲ್ಲ. ಬಾಟಲಿ ಮಂಕಾಗಿದೆ, ಹಬೆ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು. ಒಂದು ದಂಟಿನಿಂದ ಹನಿ ಜಾರಿ ಬೀಳುತ್ತದೆ.

3ರಿಂದ 6 ಸೆಕೆಂಡ್: ಮಂಜು ಬಲದಿಂದ ಎಡಕ್ಕೆ ನಿಧಾನವಾಗಿ ಸರಿಯುತ್ತದೆ. ಬಿಸಿಲು ಮೊದಲು ಬಂಡೆಯ ಬಲ ಅಂಚಿನ ಪಾಚಿಗೆ ತಾಗುತ್ತದೆ, ಹನಿಗಳು ಒಂದೊಂದಾಗಿ ಹೊಳೆಯುತ್ತವೆ. ಆಮೇಲೆ ಬಾಟಲಿಯ ಬಲ ಅಂಚಿನಲ್ಲಿ ಬೆಳಕಿನ ಪಟ್ಟಿ ಮೂಡುತ್ತದೆ. ಇಲ್ಲಿ ಅವಸರ ಬೇಡ. ಈ ಮೂರು ಸೆಕೆಂಡ್ ಚೆನ್ನಾಗಿ ಬಂದರೆ ನೋಡುವವರು ಬೆರಳು ಸರಿಸದೆ ನಿಲ್ಲುತ್ತಾರೆ.

6ರಿಂದ 10 ಸೆಕೆಂಡ್: ಬಿಸಿಲು ಬಾಯಿಯ ಮಟ್ಟಕ್ಕೆ ಬರುತ್ತದೆ. ಕಪ್ಪು ಕಾಂಡದ ಮುಂದೆ ಹಬೆ ಹೊಳೆಯುತ್ತಾ ಏಳುತ್ತದೆ. ತೆಳ್ಳಗಿರಲಿ, ಬಾಯಿಯಿಂದ ಒಂದು ಗೇಣು ಏರಿ ಎಡಕ್ಕೆ ಬಾಗಿ ಕರಗಲಿ. ಹೊಗೆಯ ಹಾಗೆ ದಟ್ಟವಾಗಬಾರದು. ಕೊನೆಯ ಒಂದು ಸೆಕೆಂಡಿನಲ್ಲಿ ಬೆಳಕು ಇನ್ನು ಬದಲಾಗದೆ ನಿಲ್ಲಲಿ.

ಶಬ್ದ: ದೂರದಲ್ಲಿ ಹರಿಯುವ ನೀರು, ಒಂದೆರಡು ಹಕ್ಕಿಗಳ ಕೂಗು. ಹನಿ ಬೀಳುವಾಗ ಸಣ್ಣ ಟಪ್. ಸಂಗೀತ ಬೇಡ. 7ನೇ ಸೆಕೆಂಡಿನಲ್ಲಿ ಹೆಂಗಸಿನ ದನಿ, ನಡುವಯಸ್ಸು, ಪಕ್ಕದಲ್ಲಿ ಕೂತು ಹೇಳಿದ ಹಾಗೆ ಸಹಜವಾಗಿ: “ರಾತ್ರಿ ತುಂಬಿಸಿದ್ದು. ಇನ್ನೂ ಬಿಸಿ ಇದೆ.” ಜಾಹೀರಾತಿನ ಏರುದನಿ ಖಂಡಿತ ಬೇಡ.

ಇವು ಬರಬಾರದು: ಅಕ್ಷರ, ಲೋಗೊ, ಬಾಟಲಿಯ ಮೈ ಮೇಲೆ ನೀರಿನ ಹನಿ, ತಿರುಗುವ ಅಥವಾ ಗಾಳಿಯಲ್ಲಿ ತೇಲುವ ಬಾಟಲಿ, ಚಿಮ್ಮುವ ನೀರು, ಚಿಟ್ಟೆ, ಮಿನುಗುವ ಧೂಳು, ಲೆನ್ಸಿನ ಬೆಳಕಿನ ಉಂಗುರಗಳು, ಸ್ಟೀಲಿನಲ್ಲಿ ಕ್ಯಾಮೆರಾದ ಪ್ರತಿಬಿಂಬ. ಬಾಟಲಿಯ ಆಕಾರ, ಕುತ್ತಿಗೆಯ ತಿರುಪು, ಮುಚ್ಚಳದ ಜಾಗ ಮೊದಲ ಫ್ರೇಮಿನಲ್ಲಿ ಇದ್ದ ಹಾಗೇ ಕೊನೆವರೆಗೆ ಇರಬೇಕು.

ಇದೇ ದೃಶ್ಯದ ಮೂರು ಆವೃತ್ತಿ ಕೊಡಿ. ಮೂರರಲ್ಲೂ ಬದಲಾಗಬೇಕಾದ್ದು ಮಂಜು ಎಷ್ಟು ದಟ್ಟ ಎನ್ನುವುದು ಮಾತ್ರ: ತೆಳು, ಮಧ್ಯಮ, ದಟ್ಟ.