ಸಂಜೆಯ ಸಾಮಾನು ಪಟ್ಟಿ: ಎಲ್ಲರ ಮೆಸೇಜ್ ಸೇರಿಸಿ

ಅಣ್ಣಾ, ಬೆಳಗ್ಗೆಯಿಂದ ಗ್ರೂಪಿಗೆ ಬಂದಿದ್ದೆಲ್ಲ ಇಲ್ಲಿದೆ. ಇದೊಂದನ್ನೇ ನೋಡಿ ತಗೋ, ಮೇಲಿನ ಮೆಸೇಜ್ ಹುಡುಕಬೇಡ.

ತರಕಾರಿ, ಹಣ್ಣು
ಟೊಮ್ಯಾಟೊ 1½ ಕೆಜಿ (ಅಮ್ಮನಿಗೆ 1, ಅತ್ತಿಗೆಗೆ ½)
ಈರುಳ್ಳಿ 2 ಕೆಜಿ. ಅಮ್ಮ ಎರಡು ಸಲ ಬರೆದಿದ್ದರೂ ಕೇಳಿದ್ದು ಇಷ್ಟೇ, 4 ತರಬೇಡ
ನಿಂಬೆಹಣ್ಣು 6
ಬಾಳೆಹಣ್ಣು 1 ಡಜನ್, ತೀರಾ ಹಣ್ಣಾಗಿದ್ದರೆ ಬಿಡು

ದಿನಸಿ
ಸಕ್ಕರೆ 1 ಕೆಜಿ
ಮೈದಾ ½ ಕೆಜಿ

ಸೋಪು, ಪೇಸ್ಟು
ಪಾತ್ರೆ ತೊಳೆಯುವ ಸೋಪು 2
ಟೂತ್‌ಪೇಸ್ಟ್ 1 (ಅಪ್ಪ, ನಾನು ಇಬ್ಬರೂ ಕೇಳಿದ್ದೆವು, ಒಂದು ಸಾಕು)

ಫ್ರಿಜ್ ಕಡೆ (ಕೊನೆಗೆ ಹೋಗು)
ಹಾಲು 1½ ಲೀಟರ್
ಬೆಣ್ಣೆ 100 ಗ್ರಾಂ, ಉಪ್ಪಿಲ್ಲದ್ದು
ಮೊಟ್ಟೆ 12: ಅಪ್ಪನ 6, ಅತ್ತಿಗೆಯ ಕೇಕಿಗೆ ಬೇರೆ 6

ಬ್ರೆಡ್ ತೆಗೆದಿದ್ದೇನೆ, ಮಧ್ಯಾಹ್ನ ಅಮ್ಮನೇ ಬೇಡ ಅಂದಳು. ಅಪ್ಪ ಬರೆದ ‘ಬಿಸ್ಕತ್ತು’ ಯಾವುದು, ಎಷ್ಟು? ಅಪ್ಪಾ, ಅಣ್ಣ ಹೊರಡುವ ಮೊದಲು ಹೇಳಿ.